ಒಳಕ್ಕೆ ಮಡಚಿದ ಮೂಲೆ

ಹನ್ನೊಂದು ವರ್ಷ ಒಬ್ಬನ ಮೇಲೆ ಹಲ್ಲು ಮಸೆಯುವುದು ಸಣ್ಣ ಕೆಲಸವಲ್ಲ. ಮಸೆದವರ ಹಲ್ಲೇ ಸವೆಯುತ್ತದೆ. ಗಣಿತದ ಟೀಚರಿಗೆ ಎಡದವಡೆಯ ಎರಡು ಹಲ್ಲು ಆಗಲೇ ಉದುರಿದ್ದವು. ಹಗೆ ಮಾತ್ರ ಬೇರು ಬಿಟ್ಟ ಜಾಗದಿಂದ ಅಲುಗಾಡಿರಲಿಲ್ಲ.

ಆಕೆ ಬಡಗಿಯ ಮಗಳು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅಳತೆ ಬರುತ್ತಿತ್ತು. ಹಲಗೆಯ ನಡು ಗುರುತಿಸಲು ಆತ ಅಳತೆಪಟ್ಟಿ ಹುಡುಕಿದವನಲ್ಲ. ಹಲಗೆಯುದ್ದಕ್ಕೂ ದಾರ ಎಳೆದು, ಎರಡಾಗಿ ಮಡಚಿ ಇಟ್ಟರೆ ಮುಗಿಯಿತು. ಒಮ್ಮೆ ಕವಲು ಏಣಿ ಮಾಡುವಾಗ ಎರಡೂ ಕಾಲುಗಳ ನಟ್ಟನಡುವಿಗೆ ಒಂದು ಅಡ್ಡಪಟ್ಟಿ ಬಿಗಿದು, ಏಳು ವರ್ಷದ ಮಗಳನ್ನು ಹತ್ತಿರ ಕರೆದ.

"ಕೆಳಗೆ ಕಾಲು ಎಷ್ಟು ಅಗಲಿಸಿದೆ ನೋಡವ್ವ. ಈ ಪಟ್ಟಿ ಸರಿಯಾಗಿ ಅದರ ಅರ್ಧ. ನೆಲಕ್ಕೆ ಸಮನಾಗೂ ಇದೆ. ಒಂದು ಕಾಲು ಗಿಡ್ಡ ಮಾಡಿದರೂ ಅಷ್ಟೇ."

"ಯಾಕಪ್ಪ?"

"ಯಾಕೆ ಅಂತ ನನಗೇನು ಗೊತ್ತು. ಮರ ಹಾಗೆ ಹೇಳುತ್ತೆ."

ಮರ ಹೇಳಿದ್ದನ್ನು ಪುಸ್ತಕ ಹೇಳಲು ಇನ್ನೂ ಏಳು ವರ್ಷ ಬೇಕಾಯಿತು. ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಗೆರೆ ಮೂರನೆಯ ಬಾಹುವಿಗೆ ಸಮಾಂತರ, ಅದರ ಅರ್ಧದಷ್ಟು ಉದ್ದ. ಯಾಕೆಂದರೆ ಮೇಲೆ ಉಳಿಯುವ ಸಣ್ಣ ತ್ರಿಭುಜ ದೊಡ್ಡದರ ಅರ್ಧ ಅಳತೆಯ ಪಡಿಯಚ್ಚು: ತುದಿಯ ಕೋನ ಎರಡಕ್ಕೂ ಒಂದೇ, ಅಕ್ಕಪಕ್ಕದ ಬಾಹುಗಳು ಅರ್ಧರ್ಧ. ಹುಡುಗಿ ಪುಸ್ತಕ ಹಿಡಿದು ಮರದ ಪುಡಿಯ ನಡುವೆ ಓಡಿಬಂದು "ಯಾಕೆ ಅಂತ ಸಿಕ್ಕಿತಪ್ಪ" ಎಂದಳು. ಆತ ಉಳಿ ಕೆಳಗಿಟ್ಟು ಪೂರ್ತಿ ಕೇಳಿದ. ಟೀಚರಾಗಬೇಕು ಅಂತ ಆಕೆಗೆ ಅನಿಸಿದ್ದು ಆ ಸಾಯಂಕಾಲವೇ.

ಆದಳು ಕೂಡ. ಹದಿನಾಲ್ಕು ವರ್ಷ ಮರ್ಯಾದೆಯಿಂದ ಪಾಠ ಮಾಡಿದಳು. ಆಮೇಲೆ ಒಂದು ದಿನ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು.

ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ ಎಂಬುದು ಆ ದಿನದ ಪಾಠ. ಟೀಚರು ಮೊದಲು ಎಲ್ಲರೂ ಬರೆಯುವ ಉಬ್ಬಿದ ಚಿತ್ರ ಬರೆದಳು. ಆಮೇಲೆ "ಯಾವುದೇ ಅಂದರೆ ಯಾವುದೇ" ಎನ್ನುತ್ತ ಪಕ್ಕದಲ್ಲಿ ಇನ್ನೊಂದು ಬರೆದಳು. ಅದರ ಒಂದು ಮೂಲೆ ಒಳಕ್ಕೆ ಕುಸಿದಿತ್ತು, ಯಾರೋ ಗುದ್ದಿದ ಡಬ್ಬದ ಹಾಗೆ.

ಸಾಹೇಬರು ಎದ್ದು ಬಂದರು. "ಏನಮ್ಮ ಇದು?"

"ಚತುರ್ಭುಜ ಸರ್."

"ಚತುರ್ಭುಜಾನೋ, ಮುರಿದ ಕೊಡೆಯೋ? ಕರ್ಣ ಎಳೆದರೆ ಮನೆಯಿಂದ ಹೊರಗೆ ಬೀಳುತ್ತಲ್ಲ." ಮಕ್ಕಳು ಕಿಸಕ್ಕೆಂದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಮುಂದಿನ ಸಾಲಿನ ಹುಡುಗಿಯ ಕೈಗೆ ಡಸ್ಟರ್ ಕೊಟ್ಟರು. "ನಿಮ್ಮ ಟೀಚರ್ ತಪ್ಪನ್ನ ನೀನೇ ಒರೆಸಮ್ಮ."

ಹುಡುಗಿ ಒಮ್ಮೆ ಟೀಚರ ಮುಖ ನೋಡಿದಳು, ಒಮ್ಮೆ ಸಾಹೇಬರ ಮುಖ ನೋಡಿದಳು, ಒರೆಸಿದಳು.

ವರದಿಯಲ್ಲಿ ಎರಡೇ ಸಾಲು ಇತ್ತು: "ಮೂಲ ಆಕೃತಿಗಳ ಪರಿಚಯವಿಲ್ಲ. ಮೇಲಿನ ತರಗತಿ ವಹಿಸತಕ್ಕದ್ದಲ್ಲ." ಆರು ವರ್ಷ ಆಕೆ ಚಿಕ್ಕ ಮಕ್ಕಳ ಬಾಯಲ್ಲಿ ಮಗ್ಗಿ ಒಪ್ಪಿಸಿಕೊಂಡಳು. ಹೆಡ್‌ಮಾಸ್ಟರು ಬದಲಾದ ಮೇಲೆ ಮೇಲಿನ ತರಗತಿ ವಾಪಸು ಬಂತು. "ಸೊಟ್ಟ ಟೀಚರ್" ಎಂಬ ಅಡ್ಡಹೆಸರು ಮಾತ್ರ ಹೋಗಲಿಲ್ಲ. ಗೇಟಿನ ಕಾವಲುಗಾರನಿಗೂ ಆಕೆಯ ನಿಜವಾದ ಹೆಸರು ಮರೆತಿತ್ತು.

ಅವಮಾನವಾದ ವಾರವೇ ಆಕೆ ತಮ್ಮನ ಮರಗೆಲಸದ ಅಂಗಡಿಗೆ ಹೋಗಿದ್ದಳು. ಅಪ್ಪನ ಉಳಿ, ಕರಗಸ ಈಗ ಅವನ ಕೈಯಲ್ಲಿದ್ದವು. ಎರಡು ಉದ್ದ, ಎರಡು ಗಿಡ್ಡ, ನಾಲ್ಕೂ ಬೇರೆ ಬೇರೆ ಅಳತೆಯ ತೆಳು ಪಟ್ಟಿ ಕೊಯ್ದು, ತುದಿಗೆ ತುದಿ ತಿರುಗುವಂತೆ ಸಡಿಲವಾಗಿ ಕೀಲು ಹಾಕು ಎಂದಳು. ಪ್ರತಿ ಪಟ್ಟಿಯ ನಡುವಿಗೆ ಒಂದು ಉದ್ದ ಮೊಳೆ. ನಡು ಎಲ್ಲಿ ಅಂತ ತಾನೇ ದಾರ ಮಡಚಿ ಗುರುತು ಮಾಡಿದಳು.

"ಇದು ಯಾತಕ್ಕಕ್ಕ?"

"ಒಬ್ಬರ ಮೂಗು ಹಿಡಿಯೋಕೆ."

"ಹಾಗಾದ್ರೆ ಇಕ್ಕಳ ಮಾಡ್ಕೊಡ್ಲಾ?"

"ಬೇಡ. ಇದರಲ್ಲಿ ಅವರೇ ಬಂದು ಮೂಗು ಇಡಬೇಕು."

ನಾಲ್ಕು ಮೊಳೆಗಳ ಸುತ್ತ ಒಂದು ರಬ್ಬರ್ ಬಳೆ ತೊಡಿಸಿದರೆ ಸಾಧನ ತಯಾರು. ಆಕೆಯ ಚೀಲದ ತಳದಲ್ಲಿ, ಊಟದ ಡಬ್ಬಿಯ ಕೆಳಗೆ, ಅದು ಹನ್ನೊಂದು ವರ್ಷ ಮಲಗಿತ್ತು. ರಬ್ಬರ್ ಒಣಗಿ ಹರಿದಾಗಲೆಲ್ಲ ಹೊಸದು ಹಾಕುತ್ತಿದ್ದಳು.

ಈ ಸಲದ ದೊಡ್ಡ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಹೋದಾಗ, ಗಣಿತದ ಕೋಣೆಯ ಮುಖ್ಯಸ್ಥರ ಕುರ್ಚಿಯಲ್ಲಿ ಅವರೇ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಹಾಜರಿಗೆ ಸಹಿ ಹಾಕಿಸಿಕೊಂಡು ಆಕೆಯ ಮುಖ ನೋಡಿದರು. ಗುರುತು ಹತ್ತಲಿಲ್ಲ. ತಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಈ ಮನುಷ್ಯ ಅದೇ ದಿನ ಕೈಯಿಂದ ತೊಳೆದುಕೊಂಡು ಹೋಗಿದ್ದಾನೆ. ಅದು ಆಕೆಗೆ ಚಿತ್ರ ಒರೆಸಿಸಿದ್ದಕ್ಕಿಂತ ಹೆಚ್ಚು ಉರಿಯಿತು.

ಹದಿನಾರು ಮಂದಿ ಬೆಂಚುಗಳಲ್ಲಿ ಕೂತು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಫ್ಯಾನಿನ ಗಾಳಿಗೆ ಹಾರದಂತೆ ಪ್ರತಿ ಕಟ್ಟಿನ ಮೇಲೆ ಒಂದು ಕಲ್ಲು. ಮೂವತ್ತೊಂದನೆಯ ಪ್ರಶ್ನೆ ಅದೇ ಚತುರ್ಭುಜದ ಮಧ್ಯಬಿಂದುಗಳದ್ದಾಗಿತ್ತು, ನಾಲ್ಕು ಅಂಕದ್ದು. ಎರಡನೆಯ ದಿನ, ಮೂರನೆಯ ಕಟ್ಟಿನಲ್ಲಿ, ಹೆಸರಿಲ್ಲದ ಬರೀ ನಂಬರಿನ ಯಾವುದೋ ಮಗು ಒಳಕ್ಕೆ ಕುಸಿದ ಚಿತ್ರ ಬರೆದಿತ್ತು. ಸಾಧನೆ ಸಾಲು ಸಾಲೂ ಸರಿಯಿತ್ತು. ಟೀಚರಿಗೆ ಪೂರ್ತಿ ಅಂಕ ಹಾಕಿ ಸುಮ್ಮನಿರುವ ಅಧಿಕಾರ ಇತ್ತು. ಮಗುವಿನ ಮೇಲಿನ ಕನಿಕರವೇ ಆಗಿದ್ದರೆ ಹಾಗೆಯೇ ಮಾಡುತ್ತಿದ್ದಳು. ಆಕೆ ಪತ್ರಿಕೆ ಎತ್ತಿಕೊಂಡು ನೆಟ್ಟಗೆ ಮುಖ್ಯಸ್ಥರ ಮೇಜಿಗೆ ನಡೆದಳು.

"ಸರ್, ಇದಕ್ಕೆ ಎಷ್ಟು ಕೊಡಲಿ?"

ಸಾಹೇಬರು ಕನ್ನಡಕ ಏರಿಸಿ, ಇಳಿಸಿ ನಕ್ಕರು. "ಸೊನ್ನೆ. ಚಿತ್ರವೇ ತಪ್ಪಲ್ಲಮ್ಮ."

"ಎಲ್ಲರಿಗೂ ಕೇಳೋ ಹಾಗೆ ಒಂದ್ಸಲ ಹೇಳಿಬಿಡಿ ಸರ್. ಬೇರೆ ಕಟ್ಟಿನಲ್ಲೂ ಇರಬಹುದು."

ಸಾಹೇಬರು ಎದ್ದು ನಿಂತು ಹೇಳಿದರು: ಮೂಲೆ ಒಳಗೆ ಹೋದ ಚಿತ್ರಕ್ಕೆ ಸೊನ್ನೆ. ಹದಿನೈದು ಪೆನ್ನುಗಳು ನಿಂತವು. ಟೀಚರಿಗೆ ಬೇಕಾದದ್ದು ಇಷ್ಟೇ. ಚೀಲದಿಂದ ಪಟ್ಟಿಗಳನ್ನು ತೆಗೆದು ಅವರ ಮುಂದಿಟ್ಟಳು.

"ಹಾಗಾದ್ರೆ ಇದನ್ನ ಸ್ವಲ್ಪ ಕೆಡಿಸಿಕೊಡಿ ಸರ್. ಒಳಗಿನ ರಬ್ಬರ್ ಈಗ ಸಮಾಂತರ ಚತುರ್ಭುಜ. ಯಾವ ಮೂಲೆ ಬೇಕೋ ಒತ್ತಿ."

ಸಾಹೇಬರು ಆಟಿಕೆ ಸಿಕ್ಕಿದ ಹಾಗೆ ಹಿಡಿದು ಒತ್ತಿದರು. ಹೊರಗಿನ ಚೌಕಟ್ಟು ಅಗಲವಾಯಿತು, ಸಪೂರವಾಯಿತು, ಗಾಳಿಪಟದಂತಾಯಿತು. ರಬ್ಬರಿನ ಎದುರುಬದುರು ಬಾಹುಗಳು ಮಾತ್ರ ರೈಲು ಕಂಬಿಯ ಹಾಗೆ ಜೊತೆಯಾಗಿಯೇ ಇದ್ದವು. ಕೊನೆಗೆ ಗಿಡ್ಡ ಪಟ್ಟಿಗಳು ಕೂಡುವ ಮೂಲೆಯನ್ನು ಹೆಬ್ಬೆರಳಿಂದ ಒಳಕ್ಕೆ ನೂಕಿದರು. ಚೌಕಟ್ಟು ಕುಸಿಯಿತು. ರಬ್ಬರ್ ಸ್ವಲ್ಪ ವಾಲಿತು, ಆದರೂ ಸಮಾಂತರವಾಗಿಯೇ ನಿಂತಿತು. ಬೆಂಚಿನವರು ಎದ್ದು ಬಂದು ಸುತ್ತ ಮುತ್ತಿದ್ದರು.

ಸಾಹೇಬರು ಅದನ್ನು ಪಕ್ಕಕ್ಕೆ ಸರಿಸಿದರು. "ಕಟ್ಟಿಗೆ ತೋರಿಸಿದರೆ ಸಾಧನೆ ಆಗಲ್ಲಮ್ಮ. ಗಣಿತಕ್ಕೆ ಕಾರಣ ಬೇಕು."

"ನಿಜ ಸರ್. ಕಾರಣ ನಿಮ್ಮ ಮೇಜಿನ ಮೇಲಿರೋ ಮಾದರಿ ಉತ್ತರದಲ್ಲೇ ಇದೆ." ಆಕೆ ಅವರ ಕುರ್ಚಿಯ ಹಿಂದಿನ ಕಪ್ಪುಹಲಗೆಯ ಮೇಲೆ ಕುಸಿದ ಚಿತ್ರವನ್ನು ದೊಡ್ಡದಾಗಿ ಬರೆದಳು. ಎ, ಬಿ, ಸಿ, ಡಿ, ಡಿ ಒಳಗೆ. ಬಾಹುಗಳ ಮಧ್ಯದಲ್ಲಿ ಪಿ, ಕ್ಯೂ, ಆರ್, ಎಸ್. "ಅಲ್ಲಿರೋ ಚಿತ್ರವನ್ನ ಕೈಯಿಂದ ಮುಚ್ಚಿಕೊಂಡು ಬರೀ ಸಾಲು ಓದಿ. ನಾನು ಇಲ್ಲಿ ತೋರಿಸ್ತೀನಿ."

ಹದಿನೈದು ಜೊತೆ ಕಣ್ಣಿನ ಮುಂದೆ ಓದದೆ ವಿಧಿಯಿರಲಿಲ್ಲ. ಸಾಹೇಬರು ಹಾಳೆಯ ಚಿತ್ರದ ಮೇಲೆ ಅಂಗೈ ಇಟ್ಟರು. "ಕರ್ಣ ಎ ಸಿ ಎಳೆಯಿರಿ."

ಆಕೆ ಎಳೆದಳು. ಗೆರೆ ಆಕೃತಿಯ ಹೊರಗೆ ಬಿತ್ತು. "ಮನೆಯಿಂದ ಹೊರಗೆ ಬಿತ್ತು ಸರ್. ಮುಂದೆ."

"ತ್ರಿಭುಜ ಎ ಬಿ ಸಿ ಯಲ್ಲಿ ಪಿ, ಕ್ಯೂ ಮಧ್ಯಬಿಂದುಗಳು. ಆದ್ದರಿಂದ ಪಿ ಕ್ಯೂ ಗೆರೆ ಎ ಸಿ ಗೆ ಸಮಾಂತರ, ಅದರ ಅರ್ಧ."

"ಹೌದಲ್ವಾ?" ಆಕೆ ಬೆಂಚಿನವರನ್ನು ಕೇಳಿದಳು. ಹೌದು ಎಂದರು.

"ತ್ರಿಭುಜ ಎ ಡಿ ಸಿ ಯಲ್ಲಿ ಎಸ್, ಆರ್ ಮಧ್ಯಬಿಂದುಗಳು..." ಸಾಹೇಬರು ಹಿಂತಿರುಗಿ ನೋಡಿದರು. ಹಲಗೆಯ ಮೇಲೆ ಆಕೆಯ ಸೀಮೆಸುಣ್ಣ ದೊಡ್ಡ ತ್ರಿಭುಜದ ಒಳಗೇ ಕೂತ ಸಣ್ಣ ತ್ರಿಭುಜವನ್ನು ಸುತ್ತುತ್ತಿತ್ತು. ಡಿ ಎಲ್ಲೇ ಇರಲಿ, ಅದು ತ್ರಿಭುಜವೇ. "ಆದ್ದರಿಂದ ಎಸ್ ಆರ್ ಕೂಡ ಎ ಸಿ ಗೆ ಸಮಾಂತರ, ಅದರ ಅರ್ಧ," ಎಂದು ಓದಿ ಮುಗಿಸಿದರು.

"ಪಿ ಕ್ಯೂ, ಎಸ್ ಆರ್ ಎರಡೂ ಒಂದೇ ಗೆರೆಗೆ ಸಮಾಂತರ, ಎರಡೂ ಅದರ ಅರ್ಧ. ಅಂದ್ರೆ ತಮ್ಮತಮ್ಮಲ್ಲಿ ಸಮಾಂತರ, ಸಮ. ಒಂದು ಜೊತೆ ಎದುರು ಬಾಹು ಹಾಗಿದ್ದರೆ ಸಮಾಂತರ ಚತುರ್ಭುಜ ಆಯ್ತು. ಈಗ ಹೇಳಿ ಸರ್, ಮೂಲೆ ಹೊರಗೇ ಇರಬೇಕು ಅಂತ ಯಾವ ಸಾಲಿನಲ್ಲಿ ಬರೆದಿದೆ?"

ಸಾಹೇಬರು ಹಾಳೆ ತಿರುಗಿಸಿದರು. ಹಿಂದೆ ಖಾಲಿ ಇತ್ತು.

"ಕನ್ನಡಕ ಬೇಕಾದ್ರೆ ನಂದು ತಗೊಳ್ಳಿ ಸಾಹೇಬ್ರೆ," ಎಂದರು ಹಿಂದಿನಿಂದ ಒಬ್ಬ ಹಿರಿಯ ಮೇಷ್ಟ್ರು. ಕೋಣೆ ನಕ್ಕಿತು. ಅದೇ ಕಿಸಕ್ ನಗು. ಟೀಚರು ಕಣ್ಣು ಅರ್ಧ ಮುಚ್ಚಿ, ಕಾದು ಕಾದು ಸಿಕ್ಕಿದ ಊಟದ ಹಾಗೆ ಅದನ್ನು ನಿಧಾನವಾಗಿ ಉಂಡಳು.

"ಸರಿ, ಸರಿ. ಪೂರ್ತಿ ಅಂಕ ಕೊಡಿ," ಎಂದರು ಸಾಹೇಬರು.

"ಬಾಯಿಮಾತು ಬೇಡ ಸರ್. ಮಾದರಿ ಉತ್ತರದ ಕೆಳಗೆ ಬರೆದು ಸಹಿ ಹಾಕಿ. ನನ್ನ ವಿಷಯ ಬಾಯಲ್ಲಿ ಹೇಳಿ ಬಿಟ್ಟಿರಲಿಲ್ಲ ನೀವು, ಬರೆದೇ ಕೊಟ್ಟಿದ್ರಿ."

ಪೆನ್ನು ಹಿಡಿದ ಕೈ ನಿಂತಿತು. ಸಾಹೇಬರು ಆಗ ಮೊದಲ ಸಲ ಆಕೆಯ ಮುಖವನ್ನು ಸರಿಯಾಗಿ ನೋಡಿದರು. "ನೀವು... ಆ ಮುರಿದ ಕೊಡೆ..."

"ಅದೇ ಸರ್."

ಒಂದು ಸಾಲು ಬರೆದು ಸಹಿ ಹಾಕಿದರು. ಆಮೇಲೆ, ಅಭ್ಯಾಸಬಲವೋ ಏನೋ, ಎದ್ದು ಹಲಗೆಯ ಕಡೆ ತಿರುಗಿ ಡಸ್ಟರಿಗೆ ಕೈ ಚಾಚಿದರು. ಡಸ್ಟರ್ ಟೀಚರ ಕೈಯಲ್ಲಿತ್ತು.

"ಇರಲಿ ಬಿಡಿ ಸರ್," ಎಂದಳು. "ಇನ್ನೂ ಕಟ್ಟುಗಳಿವೆಯಲ್ಲ. ತಿದ್ದೋರಿಗೆ ಅನುಮಾನ ಬಂದರೆ ನೋಡಿಕೊಳ್ಳಲಿ."

ತಿದ್ದುವ ಕೆಲಸ ಇನ್ನೂ ಐದು ದಿನ ನಡೆಯಿತು. ಐದೂ ದಿನ ಸಾಹೇಬರು ಆ ಕುಸಿದ ಮೂಲೆಯ ಕೆಳಗೇ ಕೂತರು. ಸಲಹೆಗೆ ಬಂದವರೆಲ್ಲ ಅವರ ತಲೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿಯೇ ಮಾತಾಡುತ್ತಿದ್ದರು. ಟೀಚರು ದಿನಾ ಎಲ್ಲರಿಗಿಂತ ಮೊದಲು ಬಂದು, ಮಾಸಿದ ಗೆರೆಗಳ ಮೇಲೆ ಸೀಮೆಸುಣ್ಣ ಆಡಿಸಿ, ಕೈ ಕೊಡವಿಕೊಂಡು ತನ್ನ ಕಟ್ಟು ಬಿಚ್ಚುತ್ತಿದ್ದಳು. ಡಸ್ಟರ್ ಆಕೆಯ ಚೀಲದಲ್ಲಿ, ಊಟದ ಡಬ್ಬಿಯ ಕೆಳಗಿತ್ತು.