ಹಗುರಾಗಿ ಬರೆದ ನಾಲ್ಕು ಸಾಲು

ಶಿಕ್ಷಕಿಯ ಕೆಲಸಕ್ಕೆಂದು ಸಂಶಿಯ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಇಯತ್ತೆಗೆ ಭಿನ್ನರಾಶಿಯ ಪಾಠ ಮಾಡಿ ತೋರಿಸಿದೆ. ಚಲೋ ಆಯಿತು. ಸಂದರ್ಶನ ಮಾತ್ರ ಕೆಟ್ಟಿತು. "ಇಷ್ಟ ವರ್ಷ ಮನ್ಯಾಗ ಏನ್ ಮಾಡಿದ್ರಿ?" ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಕೇಳಿದ್ದೇ ತಡ, ಕ್ಷಮಿಸಿ ಎಂದು ಎದ್ದು ಹೊರಗೆ ಬಂದುಬಿಟ್ಟೆ.

ನನ್ನ ಮಗ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇದ್ದ. ಕೂರಲಾರ, ಮಾತಾಡಲಾರ. ಅವನಿಗಾಗಿ ಗಣಿತ ಕಲಿಸುವ ಕೆಲಸ ಬಿಟ್ಟೆ. ಹೋದ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟ. ಆಮೇಲೆ ಆ ಮನೆಯಲ್ಲಿ ಮಧ್ಯಾಹ್ನ ಕಳೆಯುವುದು ನನ್ನಿಂದಾಗಲಿಲ್ಲ. ಕೆಲಸ ಸಿಗದಿದ್ದರೆ ಹುಚ್ಚಿಯಾಗುತ್ತಿದ್ದೆ, ಸುಳ್ಳಲ್ಲ.

ನನ್ನ ಮಗನ ವಿಷಯವೆಲ್ಲ ತಿಳಿದಿದ್ದ ಹೆಡ್ ಅಕ್ಕೋರು, ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಗೇಟಿನ ತನಕ ಬಂದರು. "ಮನಿಗೆ ಹೋಗಿ ನಂಗೊಂದು ಮೆಸೇಜ್ ಹಾಕ್ರಿ, ಅಧ್ಯಕ್ಷರಿಗೆ ಕಳಸ್ತೀನಿ. ಹಗುರಾಗಿ ಬರೀರಿ. ಅಳೂದು ಬ್ಯಾಡ್ರಿ. ನಡುವ ಕೆಲಸ ಬಿಟ್ಟು ಹೋಗ್ತಾರೇನೋ ಅಂತ ಅವರಿಗೆ ಹೆದರಿಕಿ."

ಮೊದಲು ಬರೆದದ್ದು ಉದ್ದಾಯಿತು. ಮಗ ನಗುತ್ತಿದ್ದುದನ್ನೂ ಬರೆದಿದ್ದೆ! ಯಾರಿಗೆ ಬೇಕಾಗಿತ್ತು ಅದು? ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟೇ: "ಪಾಠ ಮಾಡಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಮಗನ ಆರೈಕೆಗಾಗಿ ಕೆಲಸ ಬಿಟ್ಟಿದ್ದೆ. ಆ ವರ್ಷಗಳು ತಾಳ್ಮೆಯನ್ನು ಕಲಿಸಿದವು, ಗಣಿತವನ್ನು ಮರೆಸಲಿಲ್ಲ. ಈಗ ಆ ಜವಾಬ್ದಾರಿ ಇಲ್ಲ. ಹೊಸ ಪುಸ್ತಕಗಳನ್ನು ಓದಿಕೊಂಡಿದ್ದೇನೆ, ಯಾವತ್ತು ಕರೆದರೂ ಬರುತ್ತೇನೆ."

ಗಂಡ ಓದಿ ನನ್ನ ಮುಖ ನೋಡಿದ. "ಜವಾಬ್ದಾರಿ ಇಲ್ಲ ಅಂತ ಬರದಿ?"

"ಮತ್ತ ಏನ್ ಬರೀಲಿ? ನೀನ ಬರಿ ಬಾ!" ಎಂದು ಹರಿಹಾಯ್ದೆ. ಅವನು ಎದ್ದು ಹಿತ್ತಲಿಗೆ ಹೋದ. ನಾನು ಕಳಿಸಿಬಿಟ್ಟೆ.

ಮರುದಿನ ಜೋಳದ ಹಿಟ್ಟು ನಾದುತ್ತಿದ್ದಾಗ ಅಧ್ಯಕ್ಷರೇ ಫೋನ್ ಮಾಡಿದರು. ದನಿಯಲ್ಲಿ ಖುಷಿ. "ಅಕ್ಕೋರ, ಮೆಸೇಜ್ ಓದಿದ್ನಿರಿ. ಅಗದಿ ಚಲೋ ಬರದೀರಿ. ಅವತ್ತ ಹೀಂಗ ಹೇಳಬಾರದಿತ್ತೇನ್ರಿ? ಮಗ ದೊಡ್ಡಾಂವ ಆದ ಅನ್ರಿ. ಈಗ ತನ್ನ ಕೆಲಸ ತಾನ ಮಾಡ್ಕೋತಾನಲ್ಲ?"

ನನ್ನ ಮಾತುಗಳನ್ನು ಅವರು ಹಾಗೆ ತಿಳಿದುಕೊಂಡಿದ್ದರು. ತಪ್ಪು ಅವರದಲ್ಲ. ಇಲ್ಲ ಎಂದರೆ ಸತ್ತದ್ದನ್ನು ಹೇಳಬೇಕು, ಹೇಳಿದರೆ ಅಳು ಬರುತ್ತದೆ, ಅತ್ತರೆ ಕೆಲಸ ಹೋಗುತ್ತದೆ. ಹಿಟ್ಟಿನ ಕೈಯಲ್ಲೇ ಫೋನನ್ನು ಗಟ್ಟಿಯಾಗಿ ಹಿಡಿದೆ.

"ಹೌದ್ರಿ, ಮಾಡ್ಕೋತಾನ್ರಿ."

"ಹಂಗಾದ್ರ ಸೋಮವಾರದಿಂದ ಬರ್ರಿ."

ಫೋನ್ ಇಟ್ಟು ಒಲೆಯ ಮುಂದೆ ಕೂತು ಬಿಕ್ಕಿದೆ. ಏನಾಯಿತೆಂದು ಗಂಡ ಓಡಿ ಬಂದ. ಕೆಲಸ ಸಿಕ್ಕಿತು ಎಂದು ಹೇಳಲೂ ಆಗದಂತೆ ಅಳುತ್ತಿದ್ದೆ. ಒಂದು ಚಮಚ ಹಿಡಿಯಲಾರದೆ ಹೋದ ನನ್ನ ಕೂಸು, ಆ ಒಂದು ಮಾತಿನಲ್ಲಿ ತಾನೇ ಉಂಡು, ತಾನೇ ಅಂಗಿ ತೊಟ್ಟು, ಬೇರೆ ಮಕ್ಕಳ ಹಾಗೆ ದೊಡ್ಡವನಾಗಿದ್ದ.