ಸೊರಬದ ಕರು ಮತ್ತು ನನ್ನ ಮೊದಲ ಶೀಲ

ಸೊರಬದಲ್ಲಿ ನನ್ನ ಬಾಡಿಗೆ ಮನೆಯ ವಾಸ ಹನ್ನೊಂದೇ ದಿನ. ಹನ್ನೆರಡನೆಯ ದಿನ ಪಶು ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಮುಗಿಸಿ ಬಂದರೆ ನನ್ನ ಹಾಸಿಗೆ, ಜೋಳದ ಹಿಟ್ಟಿನ ಡಬ್ಬಿ, ಬುದ್ಧನ ಫೋಟೋ, ಅದರ ಜೊತೆಗೆ ನಾವು ಇಡುವ ನೀಲಿ ಕೋಟಿನ ಫೋಟೋ ಎಲ್ಲ ರಸ್ತೆಯ ಮೇಲಿದ್ದವು.

"ನಿಮ್ದು ಯಾವ ಪೈಕಿ ಅಂತ ಮೊದ್ಲೇ ಹೇಳ್ಬೇಕಿತ್ತಲ್ರೀ" ಎಂದರು ಮನೆಯ ಯಜಮಾನರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಬೀದರಿನ ನಮ್ಮ ಹಳ್ಳಿಯಲ್ಲೂ ಇದೆಲ್ಲ ಇದೆ. ಆದರೆ ಅಲ್ಲಿ ನಮ್ಮ ಓಣಿ ಇದೆ, ವಿಹಾರವಿದೆ, ಭಾನುವಾರ ವಂದನೆ ಹೇಳಿಸುವ ನನ್ನ ಅವ್ವ ಇದ್ದಾಳೆ. ಇಲ್ಲಿ ನಾನೊಬ್ಬಳೇ. ಶಿಕಾರಿಪುರದಲ್ಲಿ ಒಂದು ಕೋಣೆ ಹಿಡಿದು, ಶಿರಾಳಕೊಪ್ಪದ ಮೇಲೆ ದಿನಾ ಸೊರಬಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ. ಹೊಸ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: "ರೊಟ್ಟಿ ಬಡಿಯಾಕ ಬರ್ತೈತೇನವ್ವಾ?" ಆ ಸಂಜೆ ಇಬ್ಬರೂ ಕೂತು ರೊಟ್ಟಿ ತಿಂದೆವು. ಸೊರಬದ ಕಡೆ ಅನ್ನವೇ ಊಟ. ನಮ್ಮ ಕಡೆ ಅನ್ನ ಊಟದ ಕೊನೆಗೆ ಬರುವ ನೆಂಟ. ಹೊಸ ಮಾತುಗಳನ್ನೂ ಕಲಿತೆ. ಕೊಟ್ಟಿಗೆಗೆ ಹಾಸುವ ಒಣ ಎಲೆಗೆ ಸೊರಬದವರು ದರಗು ಅನ್ನುತ್ತಾರೆ. ಆದರೆ ಬಸ್ಸಿನ ಕಿಟಕಿಯಲ್ಲಿ ಕೂತು ನಾನು ದಿನವೂ ಲೆಕ್ಕ ಹಾಕುತ್ತಿದ್ದುದು ಒಂದನ್ನೇ. ನನ್ನನ್ನು ಹೊರಹಾಕಿದ ಆ ಮನುಷ್ಯನನ್ನು ಹೇಗೆ ನೋಯಿಸಲಿ?

ಅವಕಾಶ ತಾನಾಗಿ ಬಂತು. ಡಾಕ್ಟರು ರಜೆಯಲ್ಲಿದ್ದ ಒಂದು ಬೆಳಿಗ್ಗೆ ಆ ಯಜಮಾನರ ಹೆಂಡತಿ ನನಗೆ ಫೋನು ಮಾಡಿದರು.

"ನಮ್ಮ ಹಸು ಬ್ಯಾನೆ ತಿಂತಾ ಇದೆ ಕಣ್ರೀ. ಕರುವಿನ ಒಂದು ಕಾಲು ಮಾತ್ರ ಬಂದಿದೆ. ಬೇಗ ಬನ್ನಿ."

"ಬರ್ತೀನಿ" ಎಂದೆ. ಹೋಟೆಲಿನಲ್ಲಿ ಕೂತಿದ್ದೆ. ಕೈಯಲ್ಲಿದ್ದ ಚಹಾ ಮುಗಿಸಿದೆ. ಆಮೇಲೆ ಇನ್ನೊಂದು ಚಹಾ ಹೇಳಿದೆ. ಅದನ್ನು ಆರಿಸಿ ಆರಿಸಿ ಕುಡಿದೆ. ಕಾಯಲಿ, ಬಾಗಿಲಲ್ಲಿ ನಿಂತು ನನ್ನ ದಾರಿ ಕಾಯಲಿ. ನಿಜ ಹೇಳುತ್ತೇನೆ, ಅಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ.

ಹೋಗಿ ನೋಡಿದರೆ ಕರುವಿನ ತಲೆ ಹಿಂದಕ್ಕೆ ಹೊರಳಿ ಸಿಕ್ಕಿಕೊಂಡಿತ್ತು. ಅದನ್ನು ಒಳಕ್ಕೆ ತಳ್ಳಿ, ತಲೆ ತಿರುಗಿಸಿ, ಹಗ್ಗ ಕಟ್ಟಿ ಎಳೆದೆ. ಕರು ಸತ್ತೇ ಬಂತು. ಹಸು ಉಳಿಯಿತು. ಯಜಮಾನರು ಕಣ್ಣೊರೆಸಿಕೊಂಡು ನನಗೆ ಕೈ ಮುಗಿದರು. "ತಾಯಿನಾದ್ರೂ ಉಳಿಸಿದ್ರಲ್ಲ." ಹಸು ಮಾತ್ರ ದರಗಿನ ಮೇಲೆ ಬಿದ್ದ ಕರುವನ್ನು ನೆಕ್ಕುತ್ತಲೇ ಇತ್ತು.

ಸಂಜೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಕರು ಮೊದಲೇ ಸತ್ತಿರಬಹುದು ಅವ್ವಾ" ಎಂದೆ.

ಪಾಣಾತಿಪಾತಾ ವೇರಮಣಿ. ಪ್ರಾಣಹಿಂಸೆಯಿಂದ ದೂರವಿರುವುದು, ಪಂಚಶೀಲದಲ್ಲಿ ಮೊದಲನೆಯದು. ಯಾವ ದೇವರ ಅಪ್ಪಣೆಯೂ ಅಲ್ಲ, ನಾವೇ ಬಾಯಿಬಿಟ್ಟು ಕೈಗೊಳ್ಳುವ ವ್ರತ. ಕೊಂದ ದೋಷ ಪೂರ್ತಿಯಾಗಬೇಕಾದರೆ ಐದು ಅಂಗ ಕೂಡಬೇಕೆಂದು ಅವ್ವ ಚಿಕ್ಕಂದಿನಲ್ಲಿ ಕಲಿಸಿದ್ದಳು: ಜೀವಿಯಿರಬೇಕು, ಜೀವಿಯೆಂದು ತಿಳಿದಿರಬೇಕು, ಕೊಲ್ಲುವ ಮನಸ್ಸು ಬೇಕು, ಪ್ರಯತ್ನ ಬೇಕು, ಅದರಿಂದಲೇ ಸಾವು ಬರಬೇಕು. ಗೊತ್ತಿಲ್ಲದೆ ಇರುವೆ ತುಳಿದರೆ ಆ ದೋಷವಿಲ್ಲ. ನಾನು ವಕೀಲೆಯಂತೆ ಒಂದೊಂದೇ ಅಂಗ ಹಿಡಿದು ವಾದಿಸಿದೆ. ಕೊಲ್ಲಬೇಕೆಂದು ನಾನು ಬಯಸಿರಲಿಲ್ಲ, ಕೈಯೂ ಎತ್ತಿರಲಿಲ್ಲ.

ಅವ್ವ ಪೂರ್ತಿ ಕೇಳಿಸಿಕೊಂಡಳು. "ಕರುವಿಂದು ನನಗ ತಿಳಿಯಲ್ಲ ಯವ್ವಾ. ಎರಡನೇ ಚಹಾ ಯಾಕ ಕುಡದಿ, ಅದು ನಿನಗ ಗೊತ್ತದ. ಬುದ್ಧ ಕರ್ಮ ಅಂದಿದ್ದು ಮನಸ್ಸಿಗೇ."

"ಹಂಗಾದ್ರ ಅವನನ್ನ ಸುಮ್ಮನ ಬಿಡಬೇಕೇನು?"

"ಬಿಡು ಅಂತ ಯಾರಂದ್ರು? ಕರುಣೆ ಅಂದ್ರ ತಲಿ ಬಗ್ಗಸೋದಲ್ಲ. ತಪ್ಪು ಮಾಡೋ ಕೈ ಹಿಡಿ. ಕೈ ಮುರೀಬ್ಯಾಡ."

ಮರುದಿನ ಅವರ ಮನೆಗೆ ಹೋದೆ. ಬೇಕೆಂದೇ ತಡಮಾಡಿ ಬಂದೆನೆಂದು ಹೇಳಿದೆ. ನನ್ನನ್ನು ಹೊರಹಾಕಿದ್ದಕ್ಕೆ ಪೊಲೀಸ್ ಠಾಣೆಗೆ ದೂರು ಕೊಡುತ್ತಿರುವುದನ್ನೂ ಹೇಳಿದೆ.

ಅವರ ಮುಖ ಬಿಳಿಚಿತು. "ಮನೆ ವಿಚಾರಕ್ಕೂ ಕರುವಿಗೂ ಏನ್ರೀ ಸಂಬಂಧ?"

"ಸಂಬಂಧ ಇರಲಿಲ್ಲ. ಕಟ್ಟಿದ್ದು ನಾನು, ಅದೇ ನನ್ನ ತಪ್ಪು. ಅದಕ್ಕೆ ನೀವೂ ನನ್ನ ಮೇಲೆ ನಮ್ಮ ಮೇಲಧಿಕಾರಿಗೆ ದೂರು ಬರೆದುಕೊಡಿ."

ಬರೆದುಕೊಟ್ಟರು. ನನಗೆ ನೋಟಿಸು ಬಂತು; ಅವರ ಮೇಲೆ ಕೇಸಾಯಿತು. ರಾಜಿಗೆ ಕರೆದರು, ನಾನು ಹೋಗಲಿಲ್ಲ.

ಈಗ ಊರಿಗೆ ಹೋದರೆ "ಅಲ್ಲಿ ಯಾಕ ಸಾಯ್ತಿ, ವರ್ಗ ತಗೊಂಡು ಬಾ" ಅನ್ನುತ್ತಾರೆ. ಊರಲ್ಲಿ ಎರಡು ದಿನ ಕಳೆದರೆ ಶಿಕಾರಿಪುರದ ಅಜ್ಜಿಯ ಪಡಸಾಲೆ ನೆನಪಾಗುತ್ತದೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಎಮ್ಮೆಯ ಜ್ವರಕ್ಕೆ ಮದ್ದು ಕೇಳುತ್ತಾರೆ. ಭಾನುವಾರ ಶಿಕಾರಿಪುರದ ಕೋಣೆಯಲ್ಲಿ ಮೈತ್ರಿ ಭಾವನೆಯ ಧ್ಯಾನಕ್ಕೆ ಕೂರುತ್ತೇನೆ. ಮೊದಲು ನನಗೆ ಒಳಿತು ಬಯಸಬೇಕು, ಆಮೇಲೆ ಪ್ರೀತಿಯವರಿಗೆ, ಆಮೇಲೆ ಗುರುತಷ್ಟೇ ಇರುವವರಿಗೆ, ಕಡೆಗೆ ವೈರಿಗೆ. ಮೂರು ಮೆಟ್ಟಿಲು ಹತ್ತುತ್ತೇನೆ. ನಾಲ್ಕನೆಯದರಲ್ಲಿ ಆ ಮನುಷ್ಯನ ಮುಖ ಬರುತ್ತದೆ, ಹಲ್ಲು ಬಿಗಿಯುತ್ತದೆ. ಸುಖವಾಗಿರಲಿ ಎನ್ನಲು ಇನ್ನೂ ಆಗಿಲ್ಲ. ಅವನ ಹಸು ಸುಖವಾಗಿರಲಿ ಎಂದು ಹೇಳಿ ಎದ್ದುಬಿಡುತ್ತೇನೆ.