ಎಂದಿನಷ್ಟೇ ತಣ್ಣಗಿದ್ದ ನೀರು

ಹಬ್ಬಕ್ಕೆಂದು ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಪಠ್ಯಪುಸ್ತಕಗಳ ಕಟ್ಟೊಂದು ಕೈಗೆ ಬಂತು. ದಾರ ಬಿಚ್ಚಿದೆ. ಮಡಚಿಟ್ಟ ನಾಲ್ಕು ಹಾಳೆಗಳಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಸಣ್ಣಗೆ ಎದ್ದಿತು. ಶಿಡ್ಲಘಟ್ಟದಲ್ಲಿ ಸಂಸಾರ ಮಾಡುವವರಿಗೆ ಆ ವಾಸನೆ ಹೊಸದಲ್ಲ. ಬೀದಿಗೆ ಬಂದರೆ ಮೂಗಿಗೆ ಅದೇ. ಆದರೆ ಕಾಗದದೊಳಗೆ ಇಷ್ಟು ವರ್ಷ ಉಳಿದಿದ್ದು ಎದುರುಮನೆಯ ಟೀಚರಮ್ಮನ ಮನೆಯದು. ಅವರ ಮನೆಯ ಕೆಳಗಡೆ ನೂಲು ತೆಗೆಯುವ ಕೆಲಸ ನಡೆಯುತ್ತಿತ್ತು, ಮೇಲುಗಡೆ ಅವರು ಇರುತ್ತಿದ್ದರು. ಹಾಳೆಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಅವರದೇ ಅಕ್ಷರ: "ಯಾವ ಸಾಲು?"

ಅಟ್ಟದ ಕೆಲಸ ಅಲ್ಲಿಗೇ ನಿಂತಿತು...

ಟೀಚರಮ್ಮ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯೊಳಗೆ ಉರ್ದು, ಗೂಡು ತರುವ ರೈತರ ಜೊತೆ ತೆಲುಗು, ನನ್ನ ಜೊತೆ ಕನ್ನಡ. ನಾನು ಮದುವೆಗೆ ಮುಂಚೆ ಓದು ಬಿಟ್ಟವಳು. ಮಗಳು ಹೈಸ್ಕೂಲಿಗೆ ಸೇರಿದ ಮೇಲೆ ಮನೆಯಲ್ಲೇ ಕೂತು ಪದವಿ ಮುಗಿಸೋಣವೆಂದು ಅಂಚೆಯ ಮೂಲಕ ಪಾಠ ಕಳಿಸುವ ಕೋರ್ಸಿಗೆ ಸೇರಿದ್ದೆ. ಆ ಆಸೆಯನ್ನು ನಮ್ಮ ಯಜಮಾನರು ಬೇಡವೆನ್ನಲಿಲ್ಲ. ದೇವರು ಕೊಟ್ಟ ಸಣ್ಣ ಉಪಕಾರಗಳನ್ನು ಎಣಿಸುವಾಗ ನಾನು ಅದನ್ನೂ ಸೇರಿಸುತ್ತೇನೆ. ಎದುರುಮನೆಯಲ್ಲೇ ಕನ್ನಡದ ಟೀಚರ್ ಇದ್ದದ್ದು ಇನ್ನೊಂದು ಉಪಕಾರ.

ಆದರೆ ಆ ವರ್ಷವೇ ತೊಂಡೇಬಾವಿಯಲ್ಲಿ ನಮ್ಮ ಅಮ್ಮ ತೀರಿಕೊಂಡರು. ಆ ಮನೆಯಲ್ಲಿ ಇದ್ದವರು ಅಮ್ಮ ಮತ್ತು ನನ್ನ ತಮ್ಮ, ಇಬ್ಬರೇ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಹನ್ನೊಂದು ದಿನವೂ ನಾನು ಎದೆ ಬಡಿದುಕೊಂಡು ಅತ್ತೆ. ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರಿಗೆ ಚಾಪೆ ಹಾಸಿದ, ಶಾಮಿಯಾನದವನ ಹತ್ತಿರ ಮಾತಾಡಿದ, ಹಸುವಿಗೆ ಹುಲ್ಲು ಹಾಕಿದ. ಸೂತಕ ಕಳೆದ ಮರುದಿನ ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದರೆ ಹೊಸಿಲ ಮುಂದೆ ರಂಗೋಲಿ! ನಾಲ್ಕು ಚುಕ್ಕಿ, ಸುತ್ತ ಸೊಟ್ಟಸೊಟ್ಟ ಎಳೆ.

"ಯಾರೋ ಇದನ್ನ ಹಾಕಿದ್ದು?" ಎಂದೆ.

"ನಾನೇ ಅಕ್ಕ."

"ಅಮ್ಮನ ಬೂದಿ ಆರಿಲ್ಲ, ನಿಂಗೆ ಬಾಗಿಲಿಗೆ ಸಿಂಗಾರ ಬೇಕಾಯ್ತಾ? ಕಲ್ಲು ಕಣೋ ನೀನು!"

ನೆಂಟರೆಲ್ಲ ನೋಡುತ್ತಿರುವಾಗ ಆ ರಂಗೋಲಿಯನ್ನು ಕಾಲಲ್ಲಿ ಅಳಿಸಿದೆ. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದ. ಅಂದಿನಿಂದ ಅವನ ಫೋನು ನಾನು ಎತ್ತಲಿಲ್ಲ. ತಿಂಗಳುಗಳು ಹೋದವು. ವರ್ಷದ ಎಡೆ ಹತ್ತಿರ ಬಂದಾಗ ಗಟ್ಟಿ ಮನಸ್ಸು ಮಾಡಿದೆ: ತೊಂಡೇಬಾವಿಗೆ ಹೋಗುವುದಿಲ್ಲ, ಅಮ್ಮನ ಫೋಟೋ ಇಟ್ಟು ನಮ್ಮ ಮನೆಯಲ್ಲೇ ಎಡೆ ಹಾಕುತ್ತೇನೆ ಎಂದು. ಹೆತ್ತವಳ ಎಡೆ ಎರಡು ಕಡೆ ಆದರೆ ಮನೆ ಎರಡಾಯಿತು ಎಂದೇ ನಮ್ಮ ಕಡೆ ಲೆಕ್ಕ. ಗೊತ್ತಿದ್ದೂ ಹಾಗೆ ನಿಶ್ಚಯಿಸಿದ್ದೆ.

ಆ ಹೊತ್ತಿಗೇ ಕೋರ್ಸಿನ ಕನ್ನಡ ಪತ್ರಿಕೆಯ ಅಸೈನ್‌ಮೆಂಟ್ ಬಂತು. ತಂದೆತಾಯಿಯ ಸಾವಿನ ಮೇಲೆ ಎರಡು ಕವಿತೆ ಕೊಟ್ಟಿದ್ದರು. ಬರೆದವರ ಹೆಸರು ಇರಲಿಲ್ಲ. ಎರಡರಲ್ಲೂ ದುಃಖವನ್ನು ನೋಡುವ ರೀತಿ ಹೇಗೆ ಬೇರೆ ಎಂದು ಹೋಲಿಸಿ ಬರೆಯಬೇಕು. ಮೊದಲನೆಯದು ಹೀಗಿತ್ತು:

ಎದ್ದು ಬಾ ಅವ್ವ, ಒಲೆಯ ಕೆಂಡ ಆರಿಲ್ಲ,
ಕರೆದರೆ ಓಗೊಡದ ದಿನವ ನಾ ಕಂಡಿಲ್ಲ.
ಯಾರ ಕೇಳಿ ಹೊರಟೆ, ಯಾರಿಗೆ ಹೇಳಿ ಹೊರಟೆ?
ಸೂರ್ಯನೆ, ಮೂಡಬೇಡ, ಅವ್ವ ಇನ್ನೂ ಎದ್ದಿಲ್ಲ.

ಎರಡನೆಯದು:

ಬಾವಿಹಗ್ಗದ ಗಂಟು ಅಪ್ಪ ಹಾಕಿದ್ದು.
ಸವೆದಿತ್ತು. ಬಿಚ್ಚಿದೆ.
ಹೊಸ ಹಗ್ಗ ತಂದು ನಾನೇ ಗಂಟು ಹಾಕಿದೆ.
ನೀರು ಮೇಲೆ ಬಂತು.
ಎಂದಿನಷ್ಟೇ ತಣ್ಣಗಿತ್ತು.

ಮೊದಲನೆಯದನ್ನು ಓದಿ ಸೆರಗು ಒದ್ದೆಯಾಯಿತು. ಎರಡನೆಯದನ್ನು ಓದಿ ಸಿಟ್ಟು ಬಂತು. ಎರಡು ಪುಟ ಮೊದಲನೆಯದನ್ನು ಹೊಗಳಿ, ಅರ್ಧ ಪುಟ ಎರಡನೆಯದನ್ನು ಬೈದು ಬರೆದೆ. "ಈ ಕವಿಗೆ ತಂದೆಯ ಮೇಲೆ ಪ್ರೀತಿಯಿಲ್ಲ, ದುಃಖವೂ ಇಲ್ಲ" ಎಂದು ಮುಗಿಸಿ ಟೀಚರಮ್ಮನ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಹಸಿರು ಪೆನ್ನು ತೆಗೆದು, ಆ ಮಾತಿನ ಪಕ್ಕದಲ್ಲೇ ಆ ಪ್ರಶ್ನೆ ಬರೆದರು.

"ದುಃಖ ಇಲ್ಲ ಅಂತ ಯಾವ ಸಾಲು ಹೇಳ್ತಮ್ಮ? ತೋರಿಸು."

"ಅಳೋದೇ ಇಲ್ವಲ್ಲ ಟೀಚರೇ, ಇಡೀ ಪದ್ಯದಲ್ಲಿ."

"ಅಳು ಇಲ್ಲ ಅಂತ ಬರಿ, ಒಪ್ತೀನಿ. ದುಃಖ ಇಲ್ಲ ಅನ್ನೋಕೆ ಸಾಕ್ಷಿ ಬೇಕು. ಮತ್ತೆ ಇದು ಹೋಲಿಕೇನಾ? ಬದನೆಕಾಯಿ ಒಂದು ಬುಟ್ಟಿ, ಈರುಳ್ಳಿ ಒಂದು ಬುಟ್ಟಿ ತಂದಿಟ್ಟು ಸಾರಾಯ್ತು ಬನ್ನಿ ಅಂತೀಯಲ್ಲ! ಒಂದೇ ಪಾತ್ರೆಗೆ ಹಾಕಮ್ಮ ಎರಡನ್ನೂ."

ಹಾಳೆಯ ಮಧ್ಯೆ ಗೆರೆ ಎಳೆದರು. ಒಂದೊಂದೇ ಪ್ರಶ್ನೆಯನ್ನು ಎರಡು ಕವಿತೆಗೂ ಕೇಳಿಸಿದರು. ಯಾರ ಜೊತೆ ಮಾತು? ಮೊದಲನೆಯದರಲ್ಲಿ ಸತ್ತ ಅವ್ವನ ಜೊತೆಗೇ, ಎದುರಿಗೆ ಇದ್ದಾಳೆ ಎನ್ನುವ ಹಾಗೆ. ಎರಡನೆಯದರಲ್ಲಿ ಅಪ್ಪನನ್ನು ಕರೆಯುವುದೇ ಇಲ್ಲ, ಅಪ್ಪನ ಬಗ್ಗೆ ಹೇಳುತ್ತಾನೆ ಅಷ್ಟೇ. ಕಾಲ ಯಾವುದು? ಮೊದಲನೆಯದರಲ್ಲಿ ಎಲ್ಲವೂ ಈಗಲೇ, ಇನ್ನೂ ಏನೂ ಮುಗಿದಿಲ್ಲ. ಎರಡನೆಯದರಲ್ಲಿ ಎಲ್ಲವೂ ಆಗಿಹೋದದ್ದು. ಸಾಲು ಹೇಗೆ ನಿಲ್ಲುತ್ತದೆ? ಅಲ್ಲಿ ಪ್ರಾಸ, ಪ್ರಶ್ನೆ, ಅಪ್ಪಣೆ. ಇಲ್ಲಿ ಸಾಲುಸಾಲಿಗೂ ಪೂರ್ಣವಿರಾಮ.

"ಮೊದಲ್ನೇದರ ಪ್ರಾಸ ನೋಡು," ಎಂದರು. "ಆರಿಲ್ಲ, ಕಂಡಿಲ್ಲ, ಎದ್ದಿಲ್ಲ. ನಾಲ್ಕರಲ್ಲಿ ಮೂರು ಸಾಲಿಗೆ ಇಲ್ಲ ಅಂತಾನೆ. ಸಾವನ್ನೇ ಒಪ್ತಾ ಇಲ್ಲ. ಜಗಳ ಅದು. ಎರಡನೇದರಲ್ಲಿ ಒಂದು ಇಲ್ಲ ಇದೆಯಾ ಹುಡುಕು."

ಹುಡುಕಿದೆ. ಇರಲಿಲ್ಲ.

"ಸವೆದಿತ್ತು ಅಂತಾನಲ್ಲಮ್ಮ. ಅಪ್ಪ ಸತ್ತ ದಿನಾನೇ ಬಿಚ್ಚಿದ್ನಾ? ಹಗ್ಗ ಸವೆಯೋವರೆಗೂ ಅಪ್ಪನ ಗಂಟಲ್ಲೇ ನೀರು ಸೇದಿದಾನೆ. ಇನ್ನು ತಡೆಯಲ್ಲ ಅಂದಾಗ ಬಿಚ್ಚಿದಾನೆ. ಕೊನೇ ಸಾಲು ಓದು."

"ಎಂದಿನಷ್ಟೇ ತಣ್ಣಗಿತ್ತು."

"ಬಾವಿ ನೀರು ತಣ್ಣಗಿರೋದರಲ್ಲಿ ಏನು ಹೊಸಾದು? ಅದನ್ನ ಯಾಕೆ ಹೇಳಿದ? ಬೇರೆ ಥರ ಇರುತ್ತೆ ಅಂತ ಅಂದುಕೊಂಡಿದ್ದೋನು ಮಾತ್ರ ಎಂದಿನಷ್ಟೇ ಅಂತ ಹೇಳ್ತಾನೆ. ಅಪ್ಪ ಹೋದ್ಮೇಲೆ ನೀರು ಕೂಡ ಬದಲಾಗಬೇಕಿತ್ತು ಅನ್ನಿಸಿರುತ್ತೆ. ಬದಲಾಗಲಿಲ್ಲ. ಅದು ಅವನಿಗೆ ನೋವೋ, ಸಮಾಧಾನವೋ... ಅವನು ಹೇಳ್ಲಿಲ್ಲ. ನೀನು ಎರಡಕ್ಕೂ ಜಾಗ ಬಿಟ್ಟು ಬರಿ."

ಕೆಳಗಡೆ ನೂಲಿನ ರಾಟೆಗಳು ತಿರುಗುವ ಸದ್ದು ಬರುತ್ತಲೇ ಇತ್ತು. ನಾನು ಆ ಐದು ಸಾಲನ್ನು ಮತ್ತೆ ಓದಿದೆ. "ನಾನೇ ಗಂಟು ಹಾಕಿದೆ" ಎನ್ನುವ ಕಡೆ ಬೆರಳಿಟ್ಟು ನಿಲ್ಲಿಸಿದೆ. ರಂಗೋಲಿ ಯಾರು ಹಾಕಿದ್ದು ಎಂದು ಕೇಳಿದಾಗ ತಮ್ಮ "ನಾನೇ ಅಕ್ಕ" ಎಂದಿದ್ದ... ನಾಲ್ಕು ಚುಕ್ಕಿ, ಸುತ್ತ ಒಂದೇ ಎಳೆ. ಅದು ಅಮ್ಮ ದಿನಾ ಹಾಕುತ್ತಿದ್ದ ರಂಗೋಲಿ. ಅಮ್ಮನಿಗೆ ಬರುತ್ತಿದ್ದದ್ದು ಅದೊಂದೇ. ಅಮ್ಮ ಇದ್ದಷ್ಟು ದಿನ ಆ ಹೊಸಿಲು ಮಳೆಗಾಗಲಿ ಜ್ವರಕ್ಕಾಗಲಿ ಬರಿದಾಗಿರಲಿಲ್ಲ. ಮೀಸೆ ಬಂದ ಗಂಡಸು, ಓಣಿಯವರು ನಗುತ್ತಾರೆಂದು ಗೊತ್ತಿದ್ದೂ ಮೊಣಕಾಲೂರಿ ಕೂತು ಅದನ್ನು ಹಾಕಿದ್ದ. ನಾನು ಅದನ್ನು ಕಾಲಲ್ಲಿ ಅಳಿಸಿದ್ದೆ.

ಟೀಚರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. "ಮೊದಲು ಉತ್ತರ ಬರಿ. ಆಮೇಲೆ ಬಸ್ ಹತ್ತು," ಎಂದರು.

ಆ ಸಂಜೆಯೇ ಬರೆದೆ. ಪಶ್ಚಾತ್ತಾಪದ ಭರದಲ್ಲಿ ಈ ಸಲ ಎರಡನೆಯ ಕವಿತೆಯನ್ನು ತಲೆ ಮೇಲೆ ಹೊತ್ತು, ಮೊದಲನೆಯದು ಬರೀ ಹಟ, ಚಿಕ್ಕಮಕ್ಕಳ ರಂಪ ಎಂದೆ. ಮರುದಿನ ಅದಕ್ಕೂ ಹಸಿರು ಗೆರೆ ಬಿತ್ತು.

"ಅವನನ್ನ ಎತ್ತೋಕೆ ಇವನನ್ನ ಯಾಕೆ ತುಳೀತೀಯ? ಸೂರ್ಯನೇ ಮೂಡಬೇಡ ಅನ್ನೋನಿಗೆ ಸೂರ್ಯ ಮೂಡ್ತಾನೆ ಅಂತ ಗೊತ್ತಿಲ್ವಾ? ಗೊತ್ತಿದ್ದೇ ಕೇಳ್ತಾನೆ. ಯಾರ ದುಃಖ ದೊಡ್ಡದು ಅಂತ ಪ್ರಶ್ನೆ ಕೇಳಿಲ್ಲಮ್ಮ. ಒಬ್ಬ ಸಾವನ್ನ ಬಾಗಿಲಲ್ಲೇ ತಡೆದು ನಿಲ್ಲಿಸ್ತಾನೆ, ಇನ್ನೊಬ್ಬ ಒಳಗೆ ಬಿಟ್ಟುಕೊಂಡು ಅದರ ಜೊತೆ ಮನೆಕೆಲಸ ಮಾಡ್ತಾನೆ. ಅಷ್ಟು ಬರಿ." ಆಮೇಲೆ ಸ್ವಲ್ಪ ಮೆತ್ತಗೆ, "ನೀನು ಅತ್ತಿದ್ದೂ ತಪ್ಪಲ್ಲ ಕಣಮ್ಮ," ಎಂದರು.

ಮೂರನೆಯ ಸಲ ಬರೆದದ್ದು ಅವರಿಗೆ ಒಪ್ಪಿಗೆಯಾಯಿತು. ಎಡೆಯ ದಿನ ನಾನು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಗೌರಿಬಿದನೂರಿನಲ್ಲಿ ಇನ್ನೊಂದು ಹತ್ತಿ ತೊಂಡೇಬಾವಿಗೆ ಹೋದೆ. ಹೊಸಿಲ ಮುಂದೆ ನಾಲ್ಕು ಚುಕ್ಕಿ, ಸುತ್ತ ಒಂದೇ ಎಳೆ, ಅಮ್ಮನೇ ಹಾಕಿದಂತೆ. ನಾನು ದಾಟಲಾರದೆ ನಿಂತೆ.

ತಮ್ಮ ಹೊರಗೆ ಬಂದ. "ಈಗ ಸೊಟ್ಟ ಬರಲ್ಲ ಅಕ್ಕ," ಎಂದ. "ದಿನಾ ಹಾಕಿಹಾಕಿ ಕೈ ಕೂತೈತೆ."

ರಂಗೋಲಿ ತುಳಿಯದಂತೆ ಬದಿಗೆ ಸರಿದೆ. ಅವನೇ, "ಬಾರಕ್ಕ ಒಳಗೆ, ವಡೆಗೆ ಉಪ್ಪು ನೋಡೋರಿಲ್ಲ," ಎಂದ. ನಾನು ಅಳುತ್ತಾ ಹೋಗಿ ಉಪ್ಪು ನೋಡಿದೆ. ಅಮ್ಮನ ಎಡೆ ಒಂದೇ ಕಡೆ ಆಯಿತು. ಭಗವಂತ ನನಗೆ ಮಾಡಿದ ಉಪಕಾರಗಳಲ್ಲಿ ಅದಕ್ಕಿಂತ ದೊಡ್ಡದು ನೆನಪಾಗುವುದಿಲ್ಲ.

ಪದವಿಯೂ ಮುಗಿಯಿತು. ಆ ಪತ್ರಿಕೆಯಲ್ಲಿ ಎಷ್ಟು ಅಂಕ ಬಂತೆಂದು ಈಗ ಮರೆತಿದ್ದೇನೆ. ಟೀಚರಮ್ಮ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತಲಾಗದೆ ಚಿಂತಾಮಣಿಯ ಮಗಳ ಮನೆಗೆ ಹೋದರು. ಹೋಗುವಾಗ ನನ್ನ ಕೈಗೆ ಈ ಪುಸ್ತಕಗಳ ಕಟ್ಟು ಕೊಟ್ಟು, "ವಾರಕ್ಕೊಂದ್ಸಲ ಫೋನ್ ಮಾಡಮ್ಮ, ಕನ್ನಡ ಮಾತಾಡೋಕೆ ಬಾಯಿ ತುರಿಸುತ್ತೆ," ಎಂದಿದ್ದರು. ವಾರಕ್ಕೊಂದು ತಿಂಗಳಿಗೊಂದಾಯಿತು. ನನ್ನ ಮಗಳ ಮದುವೆಯ ಓಡಾಟದಲ್ಲಿ ಅದೂ ತಪ್ಪಿತು... ಒಂದು ದಿನ ಅವರ ಮಗಳೇ ಫೋನ್ ಮಾಡಿ, "ಅಮ್ಮಿ ಹೋಗ್ಬಿಟ್ರು ಆಂಟಿ, ನಾಲ್ಕು ದಿನ ಆಯ್ತು," ಎಂದಳು.

ಚಿಂತಾಮಣಿಗೆ ಹೋದೆ. ಟೀಚರಮ್ಮನ ಮಗಳು ಚಹಾ ಕೊಟ್ಟಳು. ಅವರು ಮಲಗುತ್ತಿದ್ದ ಮಂಚ ತೋರಿಸಿದಳು. ನಾನು ಅದರ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದೆ. ಆ ಮನೆಯಲ್ಲಿ ಜೋರಾಗಿ ಅಳಲು ನಾನು ಯಾರು ಎನ್ನಿಸಿತು. ವಾಪಸು ಬರುವ ಬಸ್ಸಿನಲ್ಲೂ ಅಳು ಬರಲಿಲ್ಲ. ಮನೆಗೆ ಬಂದು ದೇವರಿಗೆ ದೀಪ ಹಚ್ಚುವಾಗ ಅಮ್ಮನ ಹೆಸರಿನ ಜೊತೆ ಅವರ ಹೆಸರನ್ನೂ ಹೇಳಿದೆ. ಅವರ ದೇವರಿಗೂ ಕೇಳಿಸಿರುತ್ತದೆ ಎಂದುಕೊಂಡಿದ್ದೇನೆ. ಇಂದಿಗೂ ಹೇಳುತ್ತೇನೆ.

ಈಗ ಎದುರುಮನೆಯ ಮೇಲುಗಡೆ ಬೇರೆ ಸಂಸಾರ ಬಂದಿದೆ. ಒಳ್ಳೆಯ ಜನ, ಹಬ್ಬಕ್ಕೆ ಕರೆಯುತ್ತಾರೆ. ಇದನ್ನು ಬರೆದು ಯಜಮಾನರಿಗೆ ಓದಿ ಹೇಳಿದೆ. ಚೆನ್ನಾಗಿದೆ ಎಂದರು. ತಮ್ಮನಿಗೆ ಫೋನಿನಲ್ಲಿ ಓದಿದೆ, ಮುಗಿದ ಮೇಲೂ ಅವನು ಬಹಳ ಹೊತ್ತು ಫೋನು ಇಡಲಿಲ್ಲ. ಇದರಲ್ಲಿ ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಗೆರೆ ಎಳೆದು ತೋರಿಸುವವರು ಇದ್ದಿದ್ದರೆ ಇನ್ನೊಂದು ಸಲ ತಿದ್ದಿ ಬರೆಯುತ್ತಿದ್ದೆ. ಇಲ್ಲದ್ದರಿಂದ, ಇದ್ದ ಹಾಗೆಯೇ ಬಿಟ್ಟಿದ್ದೇನೆ.